ಒಂದು ಬ್ರೇಕರ್‌ನ ದಿನಗೂಲಿ

ಹಳೇ ಮನೆಯ ಬಚ್ಚಲಿನ ನೆಲ ಒಡೆದು ಹೊಸ ಪೈಪು ಹಾಕಿಸಬೇಕೆಂದರೆ ಮೇಸ್ತ್ರಿ ಮೊದಲು ಕೇಳುವುದು ಬ್ರೇಕರ್ ಎಲ್ಲಿ ಸಿಗುತ್ತದೆ ಎಂದು. ಕಾಂಕ್ರೀಟು ಒಡೆಯುವ ಈ ಯಂತ್ರ ಹತ್ತು ಕಿಲೋ ತೂಕದ್ದು, ಒಳ್ಳೆಯ ಕಂಪನಿಯದಾದರೆ ನಲವತ್ತು ಸಾವಿರದ ಆಸುಪಾಸು. ಒಂದು ದಿನದ ಕೆಲಸಕ್ಕೆ ಮನೆಯವರು ಅದನ್ನು ಕೊಳ್ಳುವುದಿಲ್ಲ. ಮೇಸ್ತ್ರಿಗೂ ತಿಂಗಳಿಗೆ ಎರಡು ಮೂರು ದಿನ ಬೇಕಾದೀತು, ಅವನೂ ಕೊಳ್ಳುವುದಿಲ್ಲ. ಬೇಕು, ಆದರೆ ಯಾರೂ ಕೊಳ್ಳಲೊಲ್ಲರು ಎನ್ನುವ ಈ ಸಂದಿಯಲ್ಲೇ ಒಂದು ಚಿಕ್ಕ ವ್ಯಾಪಾರ ಇದೆ. ತಾಲ್ಲೂಕು ಕೇಂದ್ರದಂಥ ಊರಿನಲ್ಲಿ ನಾಲ್ಕೈದು ಯಂತ್ರ ಇಟ್ಟುಕೊಂಡು, ಹಾರ್ಡ್‌ವೇರ್ ಅಂಗಡಿಯ ಒಂದು ಮೂಲೆಯಿಂದಲೋ ಮನೆಯ ಜಗುಲಿಯಿಂದಲೋ ಇದನ್ನು ನಡೆಸಬಹುದು.

ಬಾಡಿಗೆ ವ್ಯಾಪಾರ ನಮಗೆ ಹೊಸದಲ್ಲ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಸೆಂಟ್ರಿಂಗ್ ಶೀಟು ಎಲ್ಲವೂ ಎಷ್ಟೋ ವರ್ಷಗಳಿಂದ ಬಾಡಿಗೆಗೆ ಸಿಗುತ್ತಿವೆ. ಹೊಸದಾಗಿ ಶುರುಮಾಡುವವರೂ ಸಾಮಾನ್ಯವಾಗಿ ಮೊದಲು ಯೋಚಿಸುವುದು ಮದುವೆ ಸಾಮಾನನ್ನೇ. ಕಡಿಮೆ ಬಂಡವಾಳದವರಿಗೆ ಅದು ತಪ್ಪು ಆಯ್ಕೆ ಎಂದು ನನ್ನ ಅನಿಸಿಕೆ. ಸಮಸ್ಯೆ ಪಂಚಾಂಗದಲ್ಲಿದೆ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶವೂ ಇಲ್ಲ. ಪಿತೃಪಕ್ಷದಲ್ಲಿ ಶುಭಕಾರ್ಯ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಉಳಿದ ತಿಂಗಳುಗಳಲ್ಲಿ ಒಳ್ಳೆಯ ಮುಹೂರ್ತ ಬಂದ ದಿನ ಇಡೀ ತಾಲ್ಲೂಕಿಗೆ ಒಟ್ಟಿಗೇ ಕುರ್ಚಿ ಬೇಕು. ಐವತ್ತು ಕುರ್ಚಿ ಇಟ್ಟುಕೊಂಡವನನ್ನು ಆ ದಿನ ಯಾರೂ ಮಾತಾಡಿಸುವುದಿಲ್ಲ, ಐನೂರು ಇದ್ದವನಿಗೇ ಕೆಲಸ. ಐನೂರು ಕುರ್ಚಿಗೆ ಗೋದಾಮು ಬೇಕು, ಟೆಂಪೋ ಬೇಕು, ಎತ್ತಿಳಿಸುವ ಹುಡುಗರು ಬೇಕು, ಬಟ್ಟೆಗಳಿಗೆ ಇಲಿ ಮತ್ತು ಮುಗ್ಗಲಿನ ಕಾಟ ಬೇರೆ. ಬ್ರೇಕರ್ ಕೇಳುವ ಗಿರಾಕಿ ಹಾಗಲ್ಲ. ಪ್ಲಂಬರ್ ಸೋಮವಾರ ಬರುತ್ತಾನೆ, ಬೋರ್‌ವೆಲ್ ಪೈಪಿಗೆ ಕಾಲುವೆ ತೋಡುವವನು ಗುರುವಾರ, ಅಂಗಡಿ ಒಡೆದು ಕಟ್ಟುವವನು ಶನಿವಾರ. ಒಂದೇ ಯಂತ್ರ ಮೂವರಿಗೂ ಸಾಕಾಗುತ್ತದೆ. ದಾಸ್ತಾನು ಕಡಿಮೆ ಇಟ್ಟುಕೊಂಡು ಬದುಕಬೇಕಾದವರು ಹುಡುಕಬೇಕಾದದ್ದು ಹೀಗೆ ವರ್ಷವಿಡೀ ಚದುರಿಕೊಂಡು ಬರುವ ಬೇಡಿಕೆಯನ್ನು. ಆದ್ದರಿಂದ ಬ್ರೇಕರ್ ಒಂದನ್ನೇ ಹಿಡಿದು ಲೆಕ್ಕ ಹಾಕೋಣ.

ದಿನದ ಬಾಡಿಗೆ ಎಷ್ಟಿಡಬೇಕು ಎಂಬುದಕ್ಕೆ ಹೆಚ್ಚಿನವರು ಪಕ್ಕದ ಊರಿನ ದರ ಕೇಳಿಕೊಂಡು ಬಂದು ಅದರಲ್ಲಿ ಐವತ್ತು ರೂಪಾಯಿ ಇಳಿಸುತ್ತಾರೆ. ಅದಕ್ಕೆ ಮುಂಚೆ ಯಂತ್ರ ನಿಮ್ಮಿಂದ ವರ್ಷಕ್ಕೆ ಎಷ್ಟು ತಿನ್ನುತ್ತದೆ ಎಂದು ನೋಡಬೇಕು. ಪೆಟ್ಟಿಗೆ, ಎರಡು ಚಾಣ ಸೇರಿ 40,000 ರೂಪಾಯಿಗೆ ಕೊಂಡಿರಿ ಎಂದಿಟ್ಟುಕೊಳ್ಳಿ. ಮೂರು ವರ್ಷ ದುಡಿಸಿ 10,000ಕ್ಕೆ ಮಾರಿದರೆ ಸವಕಳಿ 30,000, ಅಂದರೆ ವರ್ಷಕ್ಕೆ 10,000. ಕಾರ್ಬನ್ ಬ್ರಷ್, ಗ್ರೀಸು, ಸೀಲು, ಒಮ್ಮೆ ಸುಡಬಹುದಾದ ಆರ್ಮೇಚರ್ ಎಲ್ಲದರ ರಿಪೇರಿಗೆ ವರ್ಷಕ್ಕೆ 6,000 ತೆಗೆದಿಡಿ. ಚಾಣಗಳು ಸವೆಯುತ್ತವೆ, ಮುರಿಯುತ್ತವೆ, ವಾಪಸು ಬರುವಾಗ ಅದಲುಬದಲಾಗುತ್ತವೆ, ಅದಕ್ಕೆ 3,000. ಹಾಕಿದ ಹಣಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ 4,800. ಯಂತ್ರವೇ ಕಾಣೆಯಾಗುವ ಭಯಕ್ಕೆ ಬೆಲೆಯ ಇಪ್ಪತ್ತನೇ ಒಂದು ಪಾಲು, 2,000. ಒಟ್ಟು 25,800 ರೂಪಾಯಿ.

ಈಗ ಇದನ್ನು ಎಷ್ಟು ದಿನಕ್ಕೆ ಹಂಚಬೇಕು? ಇಲ್ಲಿ 365ನ್ನೋ 300ನ್ನೋ ಹಾಕಿಕೊಂಡವರು ಲೆಕ್ಕದಲ್ಲಿ ಗೆದ್ದು ಗಲ್ಲಾದಲ್ಲಿ ಸೋಲುತ್ತಾರೆ. ವರ್ಷದಲ್ಲಿ ಕಾಲು ಭಾಗ, ಸುಮಾರು 90 ದಿನ ಯಂತ್ರ ಹೊರಗೆ ದುಡಿದರೆ ಒಳ್ಳೆಯದೇ ಎನ್ನಬೇಕು. ಆಗ ದಿನಕ್ಕೆ 287 ರೂಪಾಯಿ ಖರ್ಚು ಬೀಳುತ್ತದೆ. ಪ್ರತಿ ಸಲ ಕೊಡುವಾಗ, ತೆಗೆದುಕೊಳ್ಳುವಾಗ ನೀವು ಅರ್ಧ ಗಂಟೆ ನಿಂತು ಪರೀಕ್ಷೆ ಮಾಡಬೇಕಲ್ಲ, ಆ ಶ್ರಮಕ್ಕೆ ನೂರು ರೂಪಾಯಿ ಸೇರಿಸಿದರೆ 387. ದಿನಕ್ಕೆ 800 ಬಾಡಿಗೆ ಇಟ್ಟರೆ 413 ರೂಪಾಯಿ ಉಳಿತಾಯ, ವರ್ಷಕ್ಕೆ 37,000ದಷ್ಟು. ಯಂತ್ರದ ಬೆಲೆ ಸುಮಾರು ಒಂದೇ ವರ್ಷದಲ್ಲಿ ವಾಪಸು.

ಅದೇ ಯಂತ್ರ 40 ದಿನ ಮಾತ್ರ ಹೊರಗೆ ಹೋಯಿತು ಎನ್ನಿ. ಕಡಿಮೆ ದುಡಿದದ್ದರಿಂದ ರಿಪೇರಿ ಮತ್ತು ಚಾಣದ ಖರ್ಚು ಒಂಬತ್ತು ಸಾವಿರದಿಂದ ನಾಲ್ಕಕ್ಕೆ ಇಳಿದೀತು. ಸವಕಳಿ, ಬಡ್ಡಿ, ಕಳವಿನ ಭಯ ಇಳಿಯುವುದಿಲ್ಲ. ಒಟ್ಟು 20,800, ದಿನಕ್ಕೆ 520, ಶ್ರಮ ಸೇರಿ 620. ಅದೇ 800 ರೂಪಾಯಿ ಬಾಡಿಗೆಯಲ್ಲಿ ವರ್ಷಕ್ಕೆ ಉಳಿಯುವುದು 7,200. ದರದಲ್ಲಿ ಐವತ್ತು ರೂಪಾಯಿ ಏರಿಳಿಸುವ ಚೌಕಾಸಿಗಿಂತ ಯಂತ್ರ ಎಷ್ಟು ದಿನ ಮೂಲೆಯಲ್ಲಿ ಕೂತಿದೆ ಎಂಬುದೇ ದೊಡ್ಡ ವಿಷಯ ಎಂದು ಇದರಿಂದ ಕಾಣುತ್ತದೆ.

ಹಾಗೆಂದು ದರವನ್ನು ಮನಸ್ಸಿಗೆ ಬಂದಂತೆ ಏರಿಸಲೂ ಆಗದು. ಅಗ್ಗದ ಬ್ರೇಕರ್ ಹನ್ನೆರಡು ಸಾವಿರದೊಳಗೆ ಸಿಗುತ್ತದೆ. ದಿನಕ್ಕೆ 800 ಕೊಡುವ ಮೇಸ್ತ್ರಿ ಹದಿನೈದನೇ ದಿನ ಆ ಮೊತ್ತ ಮುಟ್ಟುತ್ತಾನೆ, ಅವನಿಗೂ ಲೆಕ್ಕ ಬರುತ್ತದೆ. ಆದ್ದರಿಂದ ದಿನ ಹೆಚ್ಚಾದಂತೆ ದರ ಇಳಿಯಬೇಕು. ವಾರಕ್ಕೆ ನಾಲ್ಕು ದಿನದ ಬಾಡಿಗೆ, 3,200 ಎಂದಿಟ್ಟರೆ ಗಿರಾಕಿಗೂ ಹಗುರ. ನಿಮಗೆ ಏಳು ದಿನದ ಖರ್ಚು ಮತ್ತು ಒಂದೇ ಸಲದ ಶ್ರಮ ಸೇರಿ 2,109 ಕಳೆದು ಸಾವಿರ ಚಿಲ್ಲರೆ ಉಳಿಯುತ್ತದೆ. ಬಿಡಿ ದಿನಗಳಲ್ಲಿ ಕೊಟ್ಟಿದ್ದರೆ ಹೆಚ್ಚು ಉಳಿಯುತ್ತಿತ್ತು, ನಿಜ. ಆದರೆ ಮಳೆಗಾಲದ ತಂಪು ದಿನಗಳಲ್ಲಿ ಬಿಡಿ ಗಿರಾಕಿ ಏಳು ಜನ ಬರುವುದಿಲ್ಲ. ಅರ್ಧ ದಿನದ ಬಾಡಿಗೆಯನ್ನು ಮಾತ್ರ ಅರ್ಧಕ್ಕೆ ಇಡಬೇಡಿ. ಮಧ್ಯಾಹ್ನ ವಾಪಸು ಬಂದ ಯಂತ್ರವನ್ನು ಅದೇ ದಿನ ಇನ್ನೊಬ್ಬ ಒಯ್ಯುವುದು ಅಪರೂಪ, ಹಾಗಾಗಿ ಮುಕ್ಕಾಲು ಬಾಡಿಗೆಗೆ ಕಡಿಮೆ ಬೇಡ.

ಇನ್ನೊಂದು ಜಗಳ ಎಲ್ಲ ಬಾಡಿಗೆ ಅಂಗಡಿಗಳಲ್ಲೂ ನಡೆಯುತ್ತದೆ. ‘ಅಣ್ಣಾ, ಮಧ್ಯಾಹ್ನದವರೆಗೂ ಕರೆಂಟೇ ಇರ್ಲಿಲ್ಲ, ಅರ್ಧ ದಿನದ್ದು ಹಿಡ್ಕೊಳಿ’ ಎನ್ನುತ್ತಾನೆ ಗಿರಾಕಿ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಯಂತ್ರ ಬೇರೆಯವರಿಗೆ ಸಿಗಲಿಲ್ಲ ಎಂಬುದೂ ಸುಳ್ಳಲ್ಲ. ಬಾಡಿಗೆ ಇರುವುದು ಯಂತ್ರ ನಿಮ್ಮ ಬಳಿ ಇದ್ದ ಹೊತ್ತಿಗೆ, ಓಡಿದ ಹೊತ್ತಿಗಲ್ಲ ಎಂದು ಚೀಟಿಯ ಮೇಲೆ ಮೊದಲೇ ಅಚ್ಚು ಹಾಕಿಸಿದರೆ ಈ ಮಾತು ಅಲ್ಲಿಗೇ ಮುಗಿಯುತ್ತದೆ. ಶನಿವಾರ ಸಂಜೆ ಒಯ್ದು ಸೋಮವಾರ ಬೆಳಿಗ್ಗೆ ತಂದರೆ ಒಂದೂವರೆ ದಿನ, ಹೀಗೆ ಭಾನುವಾರದ ಲೆಕ್ಕವನ್ನೂ ಅಲ್ಲೇ ಬರೆದಿಡುವುದು ಒಳ್ಳೆಯದು.

ಇನ್ನು ಯಂತ್ರವನ್ನು ಕಾಪಾಡುವ ಮಾತು. ಬ್ರೇಕರ್ ಕಳವಾಗುವುದಕ್ಕಿಂತ ಕೆಟ್ಟು ಬರುವುದೇ ಹೆಚ್ಚು, ಕೆಡುವುದಕ್ಕೂ ನಾಲ್ಕೈದೇ ಕಾರಣ. ಮೊದಲನೆಯದು ವೋಲ್ಟೇಜು. ಟಿಸಿಯಿಂದ ದೂರದ ಮನೆ, ಅಲ್ಲಿಂದ ಐವತ್ತು ಮೀಟರ್ ತೆಳು ವೈರು ಎಳೆದರೆ ಸಾವಿರದೈನೂರು ವಾಟ್‌ನ ಯಂತ್ರಕ್ಕೆ ಪೂರ್ತಿ ಕರೆಂಟು ತಲುಪುವುದಿಲ್ಲ. ಮೋಟಾರು ನಿಧಾನವಾಗುತ್ತದೆ, ಅದಕ್ಕೆ ಗಾಳಿ ಬೀಸುವ ಫ್ಯಾನು ಕೂಡ ಅದೇ ಶಾಫ್ಟಿನ ಮೇಲಿರುವುದರಿಂದ ಅದೂ ನಿಧಾನವಾಗುತ್ತದೆ. ಕಾಂಕ್ರೀಟು ಒಡೆಯಲಿಲ್ಲ ಎಂದು ಕೆಲಸದವನು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾನೆ. ಆರ್ಮೇಚರ್ ಬಿಸಿಯಾಗಿ ಅದರ ವಾರ್ನಿಶ್ ಸುಡುತ್ತದೆ. ಎರಡನೆಯದು ಪ್ಲಗ್ಗು. ಸೈಟಿನಲ್ಲಿ ಹೊಂದುವ ಸಾಕೆಟ್ ಇಲ್ಲದಿದ್ದರೆ ಪ್ಲಗ್ಗನ್ನೇ ಕತ್ತರಿಸಿ, ಬರೀ ತಂತಿಯನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವವರಿದ್ದಾರೆ. ಇವೆರಡಕ್ಕೂ ಮದ್ದು ಒಂದೇ: ದಪ್ಪ ವೈರಿನ, ಶಾಕ್ ಹೊಡೆದರೆ ತಕ್ಷಣ ಬೀಳುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರುವ ನಿಮ್ಮದೇ ಎಕ್ಸ್‌ಟೆನ್ಶನ್ ಬೋರ್ಡನ್ನು ಯಂತ್ರದ ಜೊತೆಗೆ ಕೊಡುವುದು. ಅದಕ್ಕೆ ಬೇರೆ ಬಾಡಿಗೆ ಕೇಳಿದರೆ ಬೇಡ ಎನ್ನುತ್ತಾರೆ, ಆದ್ದರಿಂದ 800ರಲ್ಲೇ ಸೇರಿಸಿಬಿಡಿ.

ಮೂರನೆಯದು ಚಾಣವನ್ನು ಹಾರೆಯಂತೆ ಬಳಸುವುದು. ಒಡೆದ ತುಂಡನ್ನು ಮೀಟಿ ಎಬ್ಬಿಸಲು ಯಂತ್ರವನ್ನೇ ಪಕ್ಕಕ್ಕೆ ಬಗ್ಗಿಸಿದರೆ ಮುಂದಿನ ಹಿಡಿಕೆ ಸಡಿಲಾಗಿ ಗ್ರೀಸು ಒಸರತೊಡಗುತ್ತದೆ. ಯಂತ್ರ ಕೊಡುವಾಗ ಒಂದು ಚಿಕ್ಕ ಹಾರೆಯನ್ನೂ ಪುಕ್ಕಟೆ ಕೊಡುವುದು ನನಗೆ ತುಂಬಾ ಇಷ್ಟವಾದ ಉಪಾಯ. ಅದರ ಬೆಲೆ ಒಂದು ರಿಪೇರಿಯ ಬೆಲೆಗಿಂತ ಕಡಿಮೆ.

ವಾಪಸು ಬಂದ ಯಂತ್ರವನ್ನು ನೋಡುವ ಕ್ರಮವೂ ಕಲಿಯಬೇಕಾದದ್ದೇ. ಮೊದಲು ಗಾಳಿ ಕಿಂಡಿಗೆ ಮೂಗು ಹಿಡಿಯಿರಿ. ಸುಟ್ಟ ವಾರ್ನಿಶ್ಶಿನ ವಾಸನೆ ಒಂದೆರಡು ದಿನವಾದರೂ ಇರುತ್ತದೆ, ಅದನ್ನು ಬಟ್ಟೆಯಿಂದ ಒರೆಸಿ ತೆಗೆಯಲಾಗದು. ಆಮೇಲೆ ಓಡಿಸಿ ಬ್ರಷ್ ಇರುವ ಜಾಗದಲ್ಲಿ ಕಿಡಿ ನೋಡಿ. ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಉಂಗುರದಂತೆ ಹಳದಿ ಬೆಂಕಿ ಹರಿದರೆ ಆರ್ಮೇಚರ್‌ಗೆ ಏಟು ಬಿದ್ದಿದೆ ಎಂದೇ ಅರ್ಥ, ಅಥವಾ ಬ್ರಷ್ ತೀರಾ ಸವೆದಿದೆ. ಚಾಣದ ತುದಿ ನೀಲಿಗಟ್ಟಿದ್ದರೆ ಕಾದು ಹದ ಹೋಗಿದೆ. ವೈರು ಯಂತ್ರದೊಳಗೆ ಹೋಗುವ ಬುಡವನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಹೆಚ್ಚಾಗಿ ಅಲ್ಲೇ ಬಿರುಕು ಬಿಡುತ್ತದೆ. ಇಷ್ಟಕ್ಕೆ ಐದು ನಿಮಿಷ ಸಾಕು, ಆದರೆ ಗಿರಾಕಿ ಎದುರಿಗಿರುವಾಗಲೇ ಆಗಬೇಕು. ಅವನು ಹೋದ ಮೇಲೆ ಕಂಡ ದೋಷ ನಿಮ್ಮದೇ ದೋಷ.

ಒಳಗಿನ ಭಾಗ ಬದಲಾಯಿಸುವ ಕೈಚಳಕವೂ ಉಂಟು. ಹೊಸ ಯಂತ್ರ ಒಯ್ದು, ರಾತ್ರಿ ಬಿಚ್ಚಿ, ತನ್ನ ಹಳೇ ಯಂತ್ರದ ಸುಟ್ಟ ಆರ್ಮೇಚರ್ ಅದಕ್ಕೆ ಹಾಕಿ ತರುವವರು. ಇದಕ್ಕೆ ದುಬಾರಿ ಸೀಲು ಬೇಕಿಲ್ಲ. ಪ್ರತಿ ಸ್ಕ್ರೂವಿನ ತಲೆಯ ಮೇಲೆ ಒಂದು ಹನಿ ಉಗುರು ಬಣ್ಣ ಹಾಕಿ, ಅದು ಸ್ಕ್ರೂವಿಗೂ ಕವಚಕ್ಕೂ ತಾಗುವ ಹಾಗೆ. ಬಿಚ್ಚಿದರೆ ಬಣ್ಣ ಒಡೆಯುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗದ ಬಣ್ಣ ಆರಿಸಿ, ಕೆಂಪು ಎಲ್ಲರ ಮನೆಯಲ್ಲೂ ಇರುತ್ತದೆ. ಯಂತ್ರದ ಮೈಮೇಲೆ ಸೀರಿಯಲ್ ನಂಬರಿನ ಲೇಬಲ್ಲಿನ ಜೊತೆಗೆ ನಿಮ್ಮದೊಂದು ಗುರುತನ್ನು ಕೊರೆದಿಡಿ. ಲೇಬಲ್ಲು ಕೀಳಬಹುದು, ಕೊರೆದದ್ದು ಅಷ್ಟು ಸುಲಭವಾಗಿ ಹೋಗದು.

ಠೇವಣಿ ಎಷ್ಟು ಪಡೆಯಬೇಕು ಎಂಬಲ್ಲಿ ಎರಡು ಬೇರೆ ಬೇರೆ ಭಯಗಳನ್ನು ಬೆರೆಸುವುದರಿಂದ ಗೊಂದಲ ಹುಟ್ಟುತ್ತದೆ. ಕಳವಿನ ಭಯಕ್ಕೆ ಠೇವಣಿ ಇಡಿಸಬೇಕೆಂದರೆ ಪೂರ್ತಿ 40,000 ಕೇಳಬೇಕು, ಹಾಗೆ ಕೇಳಿದರೆ ಯಾವ ಮೇಸ್ತ್ರಿಯೂ ಬರುವುದಿಲ್ಲ. ಠೇವಣಿ ಇರಬೇಕಾದದ್ದು ರಿಪೇರಿಯ ಭಯಕ್ಕೆ. ಆರ್ಮೇಚರ್ ಬದಲಿಸಲು ಮೂರೂವರೆ ನಾಲ್ಕು ಸಾವಿರ ಬೇಕಾದರೆ ಠೇವಣಿ 5,000 ಇದ್ದರೆ ಸಾಕು. ಹಳೇ ಗಿರಾಕಿಗೆ ಅದಕ್ಕಿಂತ ಕಡಿಮೆ ಮಾಡಬಹುದು. ಕಳವಿನ ಭಯಕ್ಕೆ ಬೇಕಾದದ್ದು ಮನುಷ್ಯನ ಗುರುತು. ಆಧಾರ್ ಝೆರಾಕ್ಸು ಒಂದನ್ನೇ ನಂಬಬೇಡಿ, ಕಾಗದ ಯಾರದೂ ಆಗಬಹುದು. ಠೇವಣಿಯನ್ನು ಅವನ ಸ್ವಂತ ಖಾತೆಯಿಂದ ಯುಪಿಐ ಮೂಲಕವೇ ಹಾಕಿಸಿಕೊಳ್ಳಿ. ಆಗ ಬ್ಯಾಂಕಿನಲ್ಲಿರುವ ಹೆಸರು ನಿಮ್ಮ ಫೋನಿನಲ್ಲಿ ಬೀಳುತ್ತದೆ, ಅದು ಗುರುತಿನ ಚೀಟಿಯ ಹೆಸರಿಗೆ ತಾಳೆಯಾಗಬೇಕು. ವಾಪಸು ಕೊಡುವುದೂ ಅದೇ ಖಾತೆಗೆ. ಹೊಸಬನಾದರೆ ಯಂತ್ರವನ್ನು ನೀವೇ ಸೈಟಿಗೆ ಮುಟ್ಟಿಸಿ, ಸ್ಕೂಟರಿನ ಪೆಟ್ರೋಲಿಗೆ ನೂರು ರೂಪಾಯಿ ಪಡೆಯಿರಿ. ಕೆಲಸ ನಡೆಯುವ ಜಾಗ ಕಂಡಾಯಿತು, ಮನೆ ಯಜಮಾನರ ಮುಖ ಕಂಡಾಯಿತು, ಸಾಕೆಟ್ ಎಲ್ಲಿದೆ ಎಂಬುದೂ ಗೊತ್ತಾಯಿತು. ಯಂತ್ರ ಓಡಿಸಿ, ಸೀರಿಯಲ್ ನಂಬರು ಮತ್ತು ಗಿರಾಕಿ ಇಬ್ಬರೂ ಕಾಣುವಂತೆ ಒಂದು ನಿಮಿಷದ ವಿಡಿಯೋ ಮಾಡಿಕೊಂಡರೆ ಮುಂದೆ ‘ಮೊದಲೇ ಹೀಗಿತ್ತು’ ಎಂಬ ವಾದಕ್ಕೆ ಜಾಗ ಇರುವುದಿಲ್ಲ.

ಕ್ಯಾಮೆರಾ ಬಾಡಿಗೆಗೆ ಕೊಡುವವರಿಗೆ ಈ ಲೆಕ್ಕ ತಿರುಗುಮುರುಗು. ಒಂದೂವರೆ ಲಕ್ಷದ ಕ್ಯಾಮೆರಾ ದಿನಕ್ಕೆ ಒಂದೂವರೆ ಸಾವಿರ ತಂದರೆ ಅದು ಬೆಲೆಯ ನೂರರಲ್ಲಿ ಒಂದು ಪಾಲು, ಬ್ರೇಕರ್‌ನದು ಎರಡು. ಕ್ಯಾಮೆರಾ ಹಗುರ, ಚೀಲದಲ್ಲಿ ಅಡಗುತ್ತದೆ, ಎಲ್ಲಿ ಬೇಕಾದರೂ ಮಾರಿಹೋಗುತ್ತದೆ. ಒಂದು ಹೋದರೆ ನೂರು ದಿನದ ಬಾಡಿಗೆ ಹೋದಂತೆ. ಆದ್ದರಿಂದ ಅಲ್ಲಿ ಗಿರಾಕಿಯನ್ನು ಆರಿಸುವುದೇ ವ್ಯಾಪಾರ, ಇಲ್ಲಿ ಯಂತ್ರವನ್ನು ಪರೀಕ್ಷಿಸುವುದು. ಜೊತೆಗೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಒಣ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಮೊದಲ ವ್ಯಾಪಾರಕ್ಕೆ ನಾನಂತೂ ಅದನ್ನು ಹೇಳುವುದಿಲ್ಲ.

ಕಾನೂನಿನ ಮಾತನ್ನು ಬಾಡಿಗೆ ಕೊಡುವವರು ಬಹಳ ಮಂದಿ ತಲೆಗೆ ಹಾಕಿಕೊಳ್ಳುವುದಿಲ್ಲ, ಆದರೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಮೂರ್ನಾಲ್ಕು ಕಲಮುಗಳು ನೇರವಾಗಿ ಇವರಿಗೇ ಬರೆದಂತಿವೆ. 150ನೇ ಕಲಮು ಹೇಳುವುದು ಹೀಗೆ: ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷವಿದ್ದು ಅದರಿಂದ ಗಿರಾಕಿಗೆ ಹಾನಿಯಾದರೆ ಕೊಟ್ಟವನು ಹೊಣೆ, ಆ ದೋಷ ಅವನಿಗೆ ಗೊತ್ತಿದ್ದರೂ ಸರಿ, ಗೊತ್ತಿಲ್ಲದಿದ್ದರೂ ಸರಿ. ಪುಕ್ಕಟೆ ಕೊಟ್ಟಿದ್ದರೆ ಗೊತ್ತಿದ್ದ ದೋಷಕ್ಕೆ ಮಾತ್ರ ಹೊಣೆ, ಬಾಡಿಗೆ ಪಡೆದ ಕೂಡಲೇ ಹೊಣೆ ಏರುತ್ತದೆ. ವೈರಿನ ಬುಡದ ಬಿರುಕನ್ನು ಬೆರಳಲ್ಲಿ ಬಗ್ಗಿಸಿ ನೋಡಲು ಹೇಳಿದ್ದು ಇದಕ್ಕೇ. ಅದನ್ನು ನೋಡದೆ ಕೊಟ್ಟು ಯಾರಿಗಾದರೂ ಶಾಕ್ ಹೊಡೆದರೆ ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

ಗಿರಾಕಿಯ ಹೊಣೆ 151 ಮತ್ತು 152ನೇ ಕಲಮುಗಳಲ್ಲಿದೆ. ತನ್ನ ಸ್ವಂತ ವಸ್ತುವನ್ನು ಸಾಮಾನ್ಯ ವಿವೇಕದ ಮನುಷ್ಯ ನೋಡಿಕೊಳ್ಳುವಷ್ಟು ಜೋಪಾನ ಮಾಡಿದ್ದರೆ, ವಸ್ತು ಕಳೆದರೂ ಕೆಟ್ಟರೂ ಅವನು ಹೊಣೆಯಲ್ಲ, ಬೇರೆ ಕರಾರು ಇಲ್ಲದಿದ್ದರೆ. ಕೊನೆಯ ಆ ಮೂರು ಪದಗಳಲ್ಲೇ ನಿಮ್ಮ ರಕ್ಷಣೆ ಇದೆ. ಬೀಗ ಹಾಕಿದ ಸೈಟಿನಿಂದ ಯಂತ್ರ ಕಳವಾದರೂ ಗಿರಾಕಿಯೇ ತುಂಬಿಕೊಡಬೇಕೆಂದು ನೀವು ಬಯಸುವಿರಾದರೆ ಅದನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡಿರಬೇಕು. ಯಂತ್ರದ ಇವತ್ತಿನ ಬೆಲೆ ಎಷ್ಟೆಂದೂ ಅದರಲ್ಲಿ ಇರಲಿ; ಎರಡು ವರ್ಷ ದುಡಿದ ಯಂತ್ರಕ್ಕೆ ಹೊಸದರ ಬೆಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಗಿರಾಕಿ ಅದನ್ನು ಇನ್ನೊಬ್ಬನಿಗೆ ಕೊಟ್ಟು ಕೆಟ್ಟರೆ 154ನೇ ಕಲಮಿನಂತೆ ಅವನದೇ ಹೊಣೆ. ತಡವಾಗಿ ತಂದವನಿಗೆ ದಿನಕ್ಕೆ ಐದು ಸಾವಿರ ದಂಡ ಎಂದು ಬರೆಯುವವರಿದ್ದಾರೆ. 74ನೇ ಕಲಮಿನಂತೆ ಕೋರ್ಟು ಕೊಡಿಸುವುದು ಸಮಂಜಸವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಅಷ್ಟೇ. ತಡವಾದ ದಿನಗಳಿಗೆ ಒಂದೂವರೆ ಪಟ್ಟು ಬಾಡಿಗೆ ಎಂದರೆ ಗಿರಾಕಿಯೂ ಕೊಡುತ್ತಾನೆ, ಕೇಳಲು ನಾಚಿಕೆಯೂ ಇಲ್ಲ. ಯಂತ್ರವನ್ನೇ ಮಾರಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು. ದೂರು ಕೊಡುವಾಗ ಆ ವಿಡಿಯೋ, ಯುಪಿಐ ದಾಖಲೆ, ಸೀರಿಯಲ್ ನಂಬರು ಕೈಯಲ್ಲಿರಬೇಕು. ಅಂಗಡಿಗೆ ವಿಮೆ ಮಾಡಿಸಿದ್ದೇವೆ ಎಂದು ಸುಮ್ಮನಿರಬೇಡಿ. ಕನ್ನಗಳವಿನ ಪಾಲಿಸಿ ಸಾಮಾನ್ಯವಾಗಿ ಬೀಗ ಒಡೆದು ಒಯ್ದದ್ದಕ್ಕೆ ಹಣ ಕೊಡುತ್ತದೆ, ನೀವೇ ಕೈಯಾರೆ ಕೊಟ್ಟದ್ದಕ್ಕೆ ಕೊಡುವುದಿಲ್ಲ.

ವ್ಯಾಪಾರ ಕುದುರಿದ ಮೇಲೆ ಎರಡನೇ ಬ್ರೇಕರ್ ಕೊಳ್ಳುವ ಆಸೆ ಬರುತ್ತದೆ. ಅದಕ್ಕೆ ಮುಂಚೆ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟು ‘ಇಲ್ಲ’ ಎಂದು ವಾಪಸು ಕಳಿಸಿದ ಪ್ರತಿ ಗಿರಾಕಿಯನ್ನೂ ತಾರೀಖಿನ ಜೊತೆ ಬರೆಯಬೇಕು. ಮೊದಲ ಯಂತ್ರ 90 ದಿನ ಹೊರಗಿದ್ದು, ವರ್ಷದಲ್ಲಿ 30 ಸಲ ಇಲ್ಲ ಎಂದಿದ್ದರೆ ಎರಡನೆಯದಕ್ಕೆ ಸಿಗುವುದು ಆ 30 ದಿನ ಮಾತ್ರ. 40 ದಿನಕ್ಕೇ ಏಳು ಸಾವಿರ ಉಳಿಯುವ ಯಂತ್ರ 30 ದಿನದಲ್ಲಿ ಹೆಚ್ಚುಕಡಿಮೆ ಏನನ್ನೂ ಉಳಿಸದು. ಅದೇ ಪುಸ್ತಕದಲ್ಲಿ ಕಾಂಕ್ರೀಟ್ ವೈಬ್ರೇಟರ್ ಕೇಳಿ ಬಂದವರು ಐವತ್ತು ಜನ ಇದ್ದರೆ ಹಣವನ್ನು ಅದಕ್ಕೆ ಹಾಕಬೇಕು. ತಾರಸಿ ಹಾಕುವ ದಿನ ಅದಿಲ್ಲದೆ ಕೆಲಸ ನಿಲ್ಲುತ್ತದೆ, ಹಾಗಾಗಿ ಅದನ್ನು ಕೇಳುವವನು ದರದ ಬಗ್ಗೆ ಚೌಕಾಸಿ ಮಾಡುವುದೂ ಕಡಿಮೆ.